ಬೇಡ ಅಂದಮೇಲೂ ಕಾಯುವ ಮನಸ್ಸು

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆದಿದ್ದೇನೆ.)

ಪ್ರಶಾಂತ್‌ಗೆ 29 ವರ್ಷ. ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ಕೆಲಸದಲ್ಲಿ ತಪ್ಪು ಜಾಸ್ತಿ ಆಗ್ತಿದೆ ಅಂತ ಆಪ್ತಸಲಹೆಗೆ ನನ್ನ ಹತ್ತಿರ ಬಂದಿದ್ದರು. ಕಾರಣ ಬಾಯಿಗೆ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಜೊತೆಗೆ ಕೆಲಸ ಮಾಡುವ ಹುಡುಗಿಯೊಬ್ಬಳನ್ನು ಎರಡು ವರ್ಷದಿಂದ ಪ್ರೀತಿಸುತ್ತಿದ್ದರು. ಎಂಟು ತಿಂಗಳ ಹಿಂದೆ ಅದನ್ನು ಹೇಳಿಯೂ ಇದ್ದರು. "ನಂಗೆ ಆ ಥರ ಭಾವನೆ ಇಲ್ಲ. ಆದ್ರೆ ನೀನು ಒಳ್ಳೇ ಫ್ರೆಂಡ್, ಅದು ಹಾಳಾಗೋದು ಬೇಡ" ಅಂದಿದ್ದಳು ಆಕೆ.

"ಅವರು ಉತ್ತರ ಕೊಟ್ಟಾಗಿದೆಯಲ್ಲ. ಮತ್ತೆ ಈಗ ಯಾವುದಕ್ಕೆ ಕಾಯ್ತಿದ್ದೀರಿ?" ಎಂದು ಕೇಳಿದೆ.

ಫೋನ್ ತೆಗೆದು ತೋರಿಸಿದರು. ಒಂದು ದಿನ ಅವರ ಮೆಸೇಜಿಗೆ ನಿಮಿಷದೊಳಗೆ ಉತ್ತರ, ಜೊತೆಗೊಂದು ನಗುವ ಮುಖ. ಇನ್ನೊಂದು ದಿನ ಓದಿದ ಗುರುತಿನ ಎರಡು ನೀಲಿ ಗೀಟು ಬಿದ್ದಿದೆ, ಉತ್ತರ ಬಂದದ್ದು ಎರಡು ದಿನ ಕಳೆದು. "ನಗು ಇದೆ ಅಲ್ವಾ ಮೇಡಂ? ಇಷ್ಟ ಇಲ್ಲದಿದ್ರೆ ಯಾಕೆ ಹಾಕ್ತಾಳೆ?" ಎಂದರು.

ಪ್ರಶಾಂತ್ ಕಷ್ಟಪಡುತ್ತಿದ್ದದ್ದು ಇಲ್ಲೇ. ಪೂರ್ತಿ ಮುಚ್ಚಿದ ಬಾಗಿಲಿನ ಮುಂದೆ ಯಾರೂ ಎಂಟು ತಿಂಗಳು ನಿಲ್ಲುವುದಿಲ್ಲ. ಯಾವಾಗ ಸಿಗುತ್ತದೋ ಗೊತ್ತಿಲ್ಲದೆ ಆಗೊಮ್ಮೆ ಈಗೊಮ್ಮೆ ಸಿಗುವ ಖುಷಿಯನ್ನು ಮನಸ್ಸು ಬಿಡುವುದು ಕಷ್ಟ. ದಿನವೂ ಸಿಗುವುದು ಬೇಗ ಸಪ್ಪೆಯಾಗುತ್ತದೆ. ಯಾವತ್ತೂ ಸಿಗದಿದ್ದರೆ ಹುಡುಕಾಟವೇ ನಿಲ್ಲುತ್ತದೆ. ಪ್ರಶಾಂತ್ ಇವೆರಡರ ನಡುವೆ ಸಿಕ್ಕಿಕೊಂಡಿದ್ದರು.

2010ರಲ್ಲಿ ಮಾನವಶಾಸ್ತ್ರಜ್ಞೆ ಹೆಲೆನ್ ಫಿಷರ್ ಮತ್ತು ಅವರ ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಪ್ರೀತಿಸಿದವರಿಂದ ದೂರ ಮಾಡಿಸಿಕೊಂಡು, ಇನ್ನೂ ಅವರನ್ನೇ ಪ್ರೀತಿಸುತ್ತಿದ್ದ 15 ಜನಕ್ಕೆ ಆ ವ್ಯಕ್ತಿಯ ಫೋಟೋ ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದ್ದರು. ಬೇಕು ಬೇಕು ಎನ್ನುವ ಹಂಬಲಕ್ಕೆ ಸಂಬಂಧಿಸಿದ ಭಾಗಗಳು ಆಗ ಚುರುಕಾಗಿದ್ದವು. ಚಟಕ್ಕೆ ಬಿದ್ದವರಲ್ಲೂ ಇವೇ ಭಾಗಗಳು ಕೆಲಸ ಮಾಡುತ್ತವೆ. 15 ಜನ ಅಂದರೆ ಚಿಕ್ಕ ಸಂಖ್ಯೆ, ಅದರ ಮೇಲೆ ದೊಡ್ಡ ಮಾತು ಕಟ್ಟಬಾರದು. ಆದರೆ ಪ್ರಶಾಂತ್‌ಗೆ ಇದು ಕೆಲಸಕ್ಕೆ ಬಂತು. "ನಾನು ದುರ್ಬಲ ಅಂದ್ಕೊಂಡಿದ್ದೆ" ಎಂದರು. ಅದುವರೆಗೆ ನೋವಿನ ಜೊತೆ ನಾಚಿಕೆಯನ್ನೂ ಹೊತ್ತಿದ್ದರು.

ಪ್ರಶಾಂತ್ ಓದುವ ಮನುಷ್ಯ, ಕವಿತೆ ಬರೆಯುವವರು. "ಎಲ್ಲ ದೊಡ್ಡ ಕವಿಗಳೂ ಹೀಗೇ ಕಾದವರಲ್ವಾ?" ಎಂದು ಒಮ್ಮೆ ಕೇಳಿದರು. ಸುಮ್ನೆ ತಳ್ಳಿಹಾಕುವ ಪ್ರಶ್ನೆಯಲ್ಲ ಅದು. ಒಂದೆರಡು ಭೇಟಿ ಇದರಲ್ಲೇ ಕಳೆಯಿತು.

ಇಟಲಿಯ ಕವಿ ದಾಂಟೆ ಬಿಯಾಟ್ರಿಸ್‌ಳನ್ನು ಮೊದಲು ಕಂಡದ್ದು ಒಂಬತ್ತರ ಹುಡುಗನಾಗಿದ್ದಾಗ. ಮತ್ತೆ ಒಂಬತ್ತು ವರ್ಷ ಕಳೆದ ಮೇಲೆ ದಾರಿಯಲ್ಲಿ ಆಕೆ ನಮಸ್ಕಾರ ಹೇಳಿದಳು. ಅಷ್ಟಕ್ಕೇ ಆತನಿಗೆ ಸ್ವರ್ಗ ಸಿಕ್ಕಂತಾಯಿತು. ಮುಂದೊಂದು ದಿನ ಆಕೆ ಮಾತಾಡಿಸದೆ ಹೋದಾಗ ಕೋಣೆ ಸೇರಿ ಅತ್ತ. ಪ್ರಶಾಂತ್ ನಕ್ಕು, "ನೀಲಿ ಗೀಟು" ಎಂದರು. ಹೌದು, ಅದೇ. ಆದರೆ ಆಮೇಲಿನದನ್ನು ಜನ ಹೆಚ್ಚು ಹೇಳುವುದಿಲ್ಲ. ನಿನ್ನ ಸುಖ ಈಗ ಎಲ್ಲಿದೆ ಎಂದು ಕೆಲವು ಹೆಂಗಸರು ಕೇಳಿದಾಗ ದಾಂಟೆ, ಆಕೆಯನ್ನು ಹೊಗಳುವ ಮಾತುಗಳಲ್ಲಿದೆ ಎನ್ನುತ್ತಾನೆ. ಆಕೆಯ ನಮಸ್ಕಾರಕ್ಕೆ ಕಾಯುವುದನ್ನು ಬಿಟ್ಟು, ತನ್ನ ಕೈಲಿರುವ ಕೆಲಸಕ್ಕೆ ಬಂದ.

ಡಿಕನ್ಸ್‌ನ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' (1861) ಕಾದಂಬರಿಯ ಪಿಪ್ ನನಗೆ ಇನ್ನೂ ಹತ್ತಿರದ ಉದಾಹರಣೆ. ನನಗೆ ಹೃದಯವೇ ಇಲ್ಲ ಎಂದು ಅವನು ಪ್ರೀತಿಸುವ ಎಸ್ಟೆಲ್ಲಾ ಅವನಿಗೆ ನೇರವಾಗಿ ಹೇಳುತ್ತಾಳೆ, ಎಚ್ಚರಿಸುತ್ತಾಳೆ. ಅವನು ನಂಬುವುದಿಲ್ಲ. ಆಕೆಯ ಮನಸ್ಸು ಆಕೆಗಿಂತ ತನಗೇ ಚೆನ್ನಾಗಿ ಗೊತ್ತು ಎನ್ನುವಂತೆ ನಡೆದುಕೊಳ್ಳುತ್ತಾನೆ. ಪ್ರಶಾಂತ್ ಮಾಡುತ್ತಿದ್ದದ್ದೂ ಅದೇ ಅಲ್ಲವೇ?

ಪ್ರೀತಿಯ ಕತೆಗಳಲ್ಲಿ ಸಾಮಾನ್ಯವಾಗಿ ಮಾತೆಲ್ಲ ಪ್ರೀತಿಸಿದವನದೇ. ಬೇಡ ಎಂದವರಿಗೆ ಮಾತು ಕಡಿಮೆ. 1993ರಲ್ಲಿ ಮನಶ್ಶಾಸ್ತ್ರಜ್ಞ ರಾಯ್ ಬಾಮೈಸ್ಟರ್ ಮತ್ತು ಸಂಗಡಿಗರು ಎರಡೂ ಕಡೆಯವರಿಂದ ತಮ್ಮ ಅನುಭವ ಬರೆಸಿ ಹೋಲಿಸಿದಾಗ ಇದೇ ಕಂಡಿತು. ಪ್ರೀತಿಸಿದವರ ನೆನಪಿನಲ್ಲಿ ನೋವಿನ ಜೊತೆ ಸಿಹಿಯೂ ಇತ್ತು. ಬೇಡ ಎಂದವರಿಗೆ ಹೆಚ್ಚಾಗಿ ಉಳಿದದ್ದು ಅಪರಾಧಿ ಭಾವ, ಕಿರಿಕಿರಿ, ಹೇಗೆ ಹೇಳಬೇಕೆಂದೇ ತಿಳಿಯದ ಇಕ್ಕಟ್ಟು. ನೋವಾಗದಿರಲಿ ಎಂದು ಮೆತ್ತಗೆ ಹೇಳುತ್ತಾರೆ, ಆ ಮೆತ್ತಗಿನ ಮಾತನ್ನೇ ಇವರು ಆಸೆಯಾಗಿ ಹಿಡಿದುಕೊಳ್ಳುತ್ತಾರೆ. ಆ ನಗುವ ಮುಖ ಬಹುಶಃ ಆಕೆಯ ಮುಜುಗರ ಎಂದು ನಾನು ಹೇಳಿದಾಗ ಪ್ರಶಾಂತ್ ಮುಖ ಕೆಂಪಾಯಿತು. "ಹಾಗಾದ್ರೆ ಅವಳು ನನ್ನ ಜೊತೆ ಆಟ ಆಡಿದಳು" ಎಂದರು.

ನೋವು ಸಿಟ್ಟಾಗುವ ಈ ತಿರುವಿನಲ್ಲಿ ಸಲಹೆಗಾರರು ಎಚ್ಚರವಾಗಿರಬೇಕು. ನನಗೆ ನೆನಪಾದದ್ದು ಸುಮಾರು 900 ವರ್ಷ ಹಿಂದೆ ಜೈನ ಕವಿ ನಾಗಚಂದ್ರ ಬರೆದ ರಾಮಚಂದ್ರಚರಿತ ಪುರಾಣದ ರಾವಣ. ರಾಮನಿಗೆ ಕೇಡಾಗುತ್ತದೆಂದು ಹೆದರಿ ಸೀತೆ ಮೂರ್ಛೆ ಹೋಗುವುದನ್ನು ಕಂಡು ಅವನ ಮನಸ್ಸು, ಕದಡಿದ ನೀರು ತಾನೇ ತಿಳಿಯಾಗುವಂತೆ, ತಿಳಿಯಾಗುತ್ತದೆ. ತಪ್ಪಾಯಿತು ಎಂದು ಕೊರಗುತ್ತಾನೆ. ಆದರೂ ಆಕೆಯನ್ನು ಕೂಡಲೇ ಒಪ್ಪಿಸುವುದಿಲ್ಲ. ಈಗ ಒಪ್ಪಿಸಿದರೆ ಹೆದರಿದ ಎನ್ನುತ್ತಾರೆ, ಯುದ್ಧದಲ್ಲಿ ಗೆದ್ದು ಆಮೇಲೆ ಒಪ್ಪಿಸುತ್ತೇನೆ ಎನ್ನುತ್ತಾನೆ. ಆಸೆ ಹೋದ ಮೇಲೂ ಹಮ್ಮು ಉಳಿದಿತ್ತು. "ನಿಮ್ಮಲ್ಲಿ ಈಗ ನೋಯ್ತಿರೋದು ಎರಡರಲ್ಲಿ ಯಾವುದು?" ಎಂದೆ. ತುಂಬಾ ಹೊತ್ತಿನ ಮೇಲೆ, "ಎರಡೂ" ಎಂದರು. ಅದು ಪ್ರಾಮಾಣಿಕ ಉತ್ತರ.

ಕೊಟ್ಟ ಸಲಹೆ ಇಷ್ಟು. ಒಂದು ಹಾಳೆಯನ್ನು ಎರಡು ಭಾಗ ಮಾಡಿ. ಎಡಕ್ಕೆ ಆಕೆ ಹೇಳಿದ್ದು, ಮಾಡಿದ್ದು ಮಾತ್ರ. ಬಲಕ್ಕೆ ಅದರಿಂದ ನೀವು ಊಹಿಸಿದ್ದು. ಪ್ರಶಾಂತ್ ತಂದ ಹಾಳೆಯ ಎಡಗಡೆ ಆರೇಳು ಸಾಲು ಇತ್ತು, ಬಲಗಡೆ ಜಾಗವೇ ಸಾಲದೆ ಹಿಂಬದಿಗೂ ಹೋಗಿತ್ತು. ನಾನು ಹೆಚ್ಚೇನೂ ಹೇಳಬೇಕಾಗಲಿಲ್ಲ.

ಎರಡನೆಯದು, ಕೆಲಸಕ್ಕೆ ಬೇಕಾದಷ್ಟೇ ಮಾತು. ಆಕೆಯ ಚಾಟ್ ಕಣ್ಣಿಗೆ ಬೀಳದ ಕಡೆ ಸರಿಸುವುದು, ಸ್ಟೇಟಸ್ ನೋಡದಿರುವುದು, ಗೆಳೆಯರ ಹತ್ತಿರ ಆಕೆಯ ಸುದ್ದಿ ಕೇಳದಿರುವುದು. ಮತ್ತೊಮ್ಮೆ ಕೇಳಿ ನೋಡುವ ಮಾತು ಖಂಡಿತ ಬೇಡ, ಹಿಂಬಾಲಿಸುವುದಂತೂ ತಪ್ಪೇ. ಮೊದಲ ಕೆಲವು ದಿನ ನೋಡಬೇಕೆಂಬ ಚಡಪಡಿಕೆ ಕಡಿಮೆಯಾಗುವ ಬದಲು ಏರುತ್ತದೆ ಎಂದು ಮುಂಚೆಯೇ ಹೇಳಿದ್ದೆ. ಹೇಳದಿದ್ದರೆ, ಇದು ನನಗೆ ಆಗದ ಕೆಲಸ ಎಂದು ಅಲ್ಲೇ ಕೈಬಿಡುತ್ತಾರೆ.

ಸಾಯಬೇಕು ಅನ್ನಿಸುತ್ತದಾ ಎಂದು ಮೊದಲ ದಿನವೇ ನೇರವಾಗಿ ಕೇಳಿದ್ದೆ. ಪ್ರಶಾಂತ್‌ಗೆ ಆ ಯೋಚನೆ ಇರಲಿಲ್ಲ. ಇದ್ದಿದ್ದರೆ ಈ ಹಾಳೆ, ಕವಿತೆ ಎಲ್ಲ ಬದಿಗಿಟ್ಟು ಅಂದೇ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ.

ಎರಡು ತಿಂಗಳಲ್ಲಿ ನಿದ್ದೆ ಸುಧಾರಿಸಿತು. ಫೋನ್ ನೋಡುವುದು ಪೂರ್ತಿ ನಿಲ್ಲಲಿಲ್ಲ, ಕಡಿಮೆಯಾಯಿತು. ಕೊನೆಯ ಭೇಟಿಯಲ್ಲಿ, ಇನ್ನು ಮೊದಲಿನ ಹಾಗೆ ಫ್ರೆಂಡ್ ಆಗಿರಬಹುದಾ ಎಂದು ಕೇಳಿದರು. "ತಾನು ಬೇರೆ ಯಾರನ್ನೋ ಇಷ್ಟಪಡ್ತಿದ್ದೀನಿ ಅಂತ ಅವರು ಇವತ್ತು ಬಂದು ಖುಷಿಯಿಂದ ಹೇಳಿದ್ರೆ, ರಾತ್ರಿ ನಿಮಗೆ ನಿದ್ದೆ ಬರುತ್ತಾ?" ಎಂದೆ.

"ಇಲ್ಲ" ಎಂದರು.

"ಹಾಗಿದ್ರೆ ಈಗಲೇ ಬೇಡ. ಉತ್ತರ ಬದಲಾದಾಗ ಯೋಚನೆ ಮಾಡಿ" ಎಂದೆ.