ಒಂದು ನೆಡುವ ದುಡ್ಡು, ಇನ್ನೊಂದು ಬಂದು ಹೋಗುವ ದುಡ್ಡು

ಪ್ರಶ್ನೆ: ಎಫ್‌ಡಿಐ ಅಂದ್ರೆ ವಿದೇಶಿ ನೇರ ಹೂಡಿಕೆ, ಎಫ್‌ಪಿಐ ಅಂದ್ರೆ ವಿದೇಶಿ ಪೋರ್ಟ್‌ಫೋಲಿಯೊ ಹೂಡಿಕೆ, ಎರಡೂ ಹೊರಗಿನಿಂದ ಬರೋ ದುಡ್ಡೇ ಅಲ್ವಾ? ಹಾಗಿದ್ದ ಮೇಲೆ ಒಂದು ಒಳ್ಳೇದು, ಇನ್ನೊಂದು ಅಪಾಯ ಅಂತ ಯಾಕೆ ಹೇಳ್ತಾರೆ? ನಮ್ಮಂಥ ದೇಶಕ್ಕೆ ನಿಜವಾಗಿ ಏನು ವ್ಯತ್ಯಾಸ ಆಗುತ್ತೆ?

ನಾನು ಅರ್ಥಶಾಸ್ತ್ರ ಓದಿದವನಲ್ಲ. ಹಾಸನದಲ್ಲಿ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಡಾಲರ್ ರೇಟು ನೋಡದೆ ನಮ್ಮ ದಿನ ಶುರುವಾಗುವುದಿಲ್ಲ. ಈ ವ್ಯತ್ಯಾಸ ನನಗೆ ಪುಸ್ತಕದಿಂದ ಅಲ್ಲ, 2013ರ ಒಂದು ಬಿಲ್ಲಿನಿಂದ ತಿಳಿಯಿತು. ಅದನ್ನೇ ಹೇಳುತ್ತೇನೆ.

ಮೊದಲು ಎರಡನ್ನೂ ಬೇರೆ ಮಾಡುವ ಗೆರೆ ಎಲ್ಲಿದೆ ನೋಡಿ. ನಂಜನಗೂಡಿನಲ್ಲಿ ನೆಸ್ಲೆ ಕಂಪನಿಯ ಇನ್‌ಸ್ಟಂಟ್ ಕಾಫಿ ಫ್ಯಾಕ್ಟರಿ ಇದೆ, 1989ರಲ್ಲಿ ಶುರುವಾದದ್ದು. ಆ ಕಂಪನಿಯಲ್ಲಿ ನೂರಕ್ಕೆ ಸುಮಾರು 63 ಪಾಲು ಸ್ವಿಟ್ಜರ್ಲೆಂಡಿನ ಮೂಲ ಕಂಪನಿಯದು. ಅದು ಎಫ್‌ಡಿಐ. ಅದೇ ಕಂಪನಿಯ ಷೇರು ಮುಂಬೈ ಷೇರುಪೇಟೆಯಲ್ಲೂ ಸಿಗುತ್ತದೆ, ವಿದೇಶಿ ಫಂಡುಗಳೂ ಅದನ್ನು ಅಷ್ಟಿಷ್ಟು ಕೊಂಡಿವೆ. ಅದು ಎಫ್‌ಪಿಐ. ಕಂಪನಿ ಒಂದೇ, ಷೇರು ಒಂದೇ ಥರದ್ದು, ದುಡ್ಡು ಎರಡೂ ಹೊರಗಿನದೇ. ಆದರೂ ಲೆಕ್ಕ ಬೇರೆ ಬೇರೆ. ನಮ್ಮ ಕಾನೂನಿನ ಪ್ರಕಾರ ಷೇರುಪೇಟೆಯಲ್ಲಿರುವ ಕಂಪನಿಯಲ್ಲಿ ಒಬ್ಬ ವಿದೇಶಿ ಹೂಡಿಕೆದಾರನ ಪಾಲು ನೂರಕ್ಕೆ 10 ಮುಟ್ಟಿದರೆ ಅದು ನೇರ ಹೂಡಿಕೆ, ಅದಕ್ಕಿಂತ ಕಡಿಮೆ ಇದ್ದರೆ ಪೋರ್ಟ್‌ಫೋಲಿಯೊ. ಫಂಡೊಂದು ಆ ಗೆರೆ ದಾಟಿಬಿಟ್ಟರೆ ಐದು ವಹಿವಾಟಿನ ದಿನದೊಳಗೆ ಹೆಚ್ಚುವರಿ ಷೇರು ಮಾರಬೇಕು, ಇಲ್ಲವೇ ತನ್ನನ್ನು ಎಫ್‌ಡಿಐ ಅಂತ ಬದಲಾಯಿಸಿಕೊಳ್ಳಬೇಕು.

ಹತ್ತೇ ಯಾಕೆ ಅಂತ ಕೇಳಬೇಡಿ, ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕಿತ್ತು. ಅಷ್ಟು ದೊಡ್ಡ ಪಾಲು ಇದ್ದವನು ಕಂಪನಿ ನಡೆಸುವುದರಲ್ಲಿ ಬಾಯಿ ಹಾಕುತ್ತಾನೆ, ಬೇಗ ಬಿಟ್ಟು ಹೋಗಲಾರ ಅನ್ನುವುದು ಹಿಂದಿನ ಯೋಚನೆ. ತೋಟಕ್ಕೆ ಹೋಲಿಸಿದರೆ, ಎಫ್‌ಡಿಐ ಅಂದರೆ ಜಾಗ ಕೊಂಡು ಗಿಡ ನೆಟ್ಟವನು. ಎಫ್‌ಪಿಐ ಅಂದರೆ ಕಾಫಿ ಮೂಟೆ ಕೊಂಡು ಗೋದಾಮಿನಲ್ಲಿ ಇಟ್ಟವನು. ರೇಟು ಬಿದ್ದರೆ ಮೂಟೆಯವನು ಸಂಜೆಯೊಳಗೆ ಮಾರಿಬಿಡುತ್ತಾನೆ. ಗಿಡದವನು ಎಲ್ಲಿಗೆ ಹೋಗುತ್ತಾನೆ?

ಈಗ ಆ ಬಿಲ್ಲಿನ ಕಥೆ. 2013ರ ಮೇ ತಿಂಗಳಲ್ಲಿ ನಮ್ಮ ವರ್ಕ್ಸ್‌ಗೆ ಒಂದು ಕಲರ್ ಸಾರ್ಟರ್ ಆರ್ಡರ್ ಮಾಡಿದೆವು. ಕಪ್ಪು ಬೀಜ, ಒಡೆದ ಬೀಜಗಳನ್ನು ಕ್ಯಾಮೆರಾ ಹಿಡಿದು ಗಾಳಿಯಿಂದ ಊದಿ ಹಾಕುವ ಮೆಷಿನ್ ಅದು. ಬೆಲೆ 50 ಸಾವಿರ ಡಾಲರ್. ಆಗ ಡಾಲರ್ ಸುಮಾರು 55 ರೂಪಾಯಿ, ಅಂದರೆ 27.5 ಲಕ್ಷ. ದುಡ್ಡು ಕಟ್ಟಬೇಕಾದದ್ದು ಆಗಸ್ಟ್ ಕೊನೆಗೆ. ಅಷ್ಟರಲ್ಲಿ ಮೇ 22ಕ್ಕೆ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ ಅಧ್ಯಕ್ಷ ಬೆನ್ ಬರ್ನಾಂಕೆ ಅಲ್ಲಿನ ಸಂಸತ್ತಿನ ಮುಂದೆ ಕೂತು, ನಾವು ತಿಂಗಳು ತಿಂಗಳು ಬಾಂಡ್ ಕೊಳ್ಳುವುದನ್ನು ಮುಂದೆ ಕಡಿಮೆ ಮಾಡಬಹುದು ಅಂದರು. ಅಷ್ಟೇ. ಇನ್ನೂ ಏನೂ ಕಡಿಮೆ ಮಾಡಿರಲಿಲ್ಲ, ಬರೀ ಬಾಯಿ ಮಾತು. ಕೊಳ್ಳುವವರು ಕಡಿಮೆಯಾಗುತ್ತಾರೆ ಅಂತ ಅಮೆರಿಕದ ಬಾಂಡುಗಳ ಬೆಲೆ ಬಿದ್ದು ಅಲ್ಲಿನ ಬಡ್ಡಿ ಏರಿತು. ನಮ್ಮ ಬಾಂಡಿನಲ್ಲಿ ದುಡ್ಡಿಟ್ಟಿದ್ದ ವಿದೇಶಿ ಫಂಡುಗಳು ಹೊರಟವು.

ಅವು ಯಾಕೆ ಅಷ್ಟು ಅವಸರ ಮಾಡಿದವು ಅಂತ ಒಂದು ಸಣ್ಣ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಒಬ್ಬ ಹೊರಗಿನವನು 100 ಡಾಲರ್ ತಂದು 55ರ ರೇಟಿನಲ್ಲಿ 5,500 ರೂಪಾಯಿಯ ಬಾಂಡ್ ಕೊಂಡ ಅಂದುಕೊಳ್ಳಿ. ವರ್ಷಕ್ಕೆ 8 ಪರ್ಸೆಂಟ್ ಬಡ್ಡಿ ಸೇರಿ 5,940 ಆಯಿತು. ಡಾಲರ್ 68.5 ಆಗಿಬಿಟ್ಟರೆ ಅವನ ಕೈಗೆ ಬರುವುದು 87 ಡಾಲರ್‌ಗಿಂತ ಕಡಿಮೆ. ಬಾಂಡ್ ಕೈಕೊಡಲಿಲ್ಲ, ಬಡ್ಡಿ ಸರಿಯಾಗಿ ಬಂತು, ಆದರೂ ನಷ್ಟ. ಹಾಗಾಗಿ ರೂಪಾಯಿ ಬೀಳುತ್ತದೆ ಅಂತ ವಾಸನೆ ಹತ್ತಿದರೆ ಮೊದಲು ಓಡಿದವನೇ ಗೆದ್ದ. ಒಬ್ಬ ಮಾರಿ ಆ ರೂಪಾಯಿಗೆ ಡಾಲರ್ ಕೇಳುತ್ತಾನೆ, ಡಾಲರ್ ಏರುತ್ತದೆ, ಅದನ್ನು ನೋಡಿ ಇನ್ನಿಬ್ಬರು ಮಾರುತ್ತಾರೆ. ಆಗಸ್ಟ್ 28ಕ್ಕೆ ಡಾಲರ್ 68 ದಾಟಿತು. ನಮ್ಮ ಮೆಷಿನ್ ಬೆಲೆ ಕೂತಲ್ಲೇ 34 ಲಕ್ಷ ಮೀರಿತು. ಆರೂವರೆ ಲಕ್ಷ ಸುಮ್ನೆ ಹೋಯಿತು. ನಮ್ಮ ಯಜಮಾನರು ಬ್ಯಾಂಕಿನಲ್ಲಿ ಫಾರ್ವರ್ಡ್ ಬುಕ್ ಮಾಡಿರಲಿಲ್ಲ, ಅಂದರೆ ಮುಂದೆ ಕೊಳ್ಳುವ ಡಾಲರ್‌ಗೆ ಮೊದಲೇ ರೇಟು ಗೊತ್ತು ಮಾಡಿಕೊಂಡಿರಲಿಲ್ಲ, "ಅದಕ್ಕೂ ಚಾರ್ಜು ಕೊಡ್ಬೇಕಲ್ಲಪ್ಪ" ಅಂದಿದ್ದರು. ಆಮೇಲೆ ಒಂದು ವಾರ ಯಾರೂ ಅವರ ರೂಮಿಗೆ ಹೋಗಲಿಲ್ಲ ಬಿಡಿ.

ಒಂದು ತಮಾಷೆ ಅಂದರೆ ಅದೇ ಬೀದಿಯ ಬೆಳೆಗಾರರಿಗೆ ಇದರಿಂದ ಸ್ವಲ್ಪ ಆಸರೆಯೇ ಆಯಿತು. ಆ ವರ್ಷ ನ್ಯೂಯಾರ್ಕ್‌ನಲ್ಲಿ ಅರೇಬಿಕಾ ರೇಟು ಬೀಳುತ್ತಾ ಇತ್ತು, ರೂಪಾಯಿಯೂ ಬಿದ್ದದ್ದರಿಂದ ಇಲ್ಲಿ ಮೂಟೆಗೆ ಸಿಗುವ ದುಡ್ಡು ಅಷ್ಟು ಕುಸಿಯಲಿಲ್ಲ. ಅವರೇ ಡೀಸೆಲ್ಲಿಗೂ ಗೊಬ್ಬರಕ್ಕೂ ಜಾಸ್ತಿ ಕೊಟ್ಟರು, ಅದು ಬೇರೆ ಮಾತು.

ಫಂಡುಗಳನ್ನು ಮಾತ್ರ ಬೈಯುವುದೂ ಸರಿಯಲ್ಲ. 2012-13ರಲ್ಲಿ ನಮ್ಮ ದೇಶದ ಚಾಲ್ತಿ ಖಾತೆ ಕೊರತೆ 88 ಬಿಲಿಯನ್ ಡಾಲರ್, ಜಿಡಿಪಿಯ 4.8 ಪರ್ಸೆಂಟ್. ಎಣ್ಣೆ, ಚಿನ್ನ ಅಂತ ಗಳಿಸಿದ್ದಕ್ಕಿಂತ ಅಷ್ಟು ಜಾಸ್ತಿ ಡಾಲರ್ ಖರ್ಚು ಮಾಡಿದ್ದೆವು. ಆ ಗುಂಡಿ ಮುಚ್ಚಲು ಬಂದು ಹೋಗುವ ದುಡ್ಡನ್ನೇ ನೆಚ್ಚಿಕೊಂಡಿದ್ದೆವು. ಅದೇ ಹೊತ್ತಿಗೆ ಬ್ರೆಜಿಲ್, ಇಂಡೋನೇಷ್ಯಾ, ಟರ್ಕಿ, ದಕ್ಷಿಣ ಆಫ್ರಿಕಾ ಕೂಡ ಒದೆ ತಿಂದವು, ಅವಕ್ಕೂ ಇದೇ ಥರದ ಕೊರತೆ ಇತ್ತು. ಸೆಪ್ಟೆಂಬರ್‌ನಲ್ಲಿ ರಘುರಾಮ್ ರಾಜನ್ ಆರ್‌ಬಿಐ ಗವರ್ನರ್ ಆಗಿ ಬಂದು ಮಾಡಿದ ಮದ್ದು ನೋಡಿ: ಎನ್‌ಆರ್‌ಐಗಳು ಕನಿಷ್ಠ ಮೂರು ವರ್ಷಕ್ಕೆ ಡಾಲರ್ ಠೇವಣಿ ಇಟ್ಟರೆ, ಬ್ಯಾಂಕುಗಳಿಗೆ ರೂಪಾಯಿ ಬೀಳುವ ಭಯವಿಲ್ಲದಂತೆ ಆರ್‌ಬಿಐ ಅಗ್ಗದ ದರದಲ್ಲಿ ವಿನಿಮಯ ಮಾಡಿಕೊಡುತ್ತದೆ ಅಂದರು. ಬ್ಯಾಂಕುಗಳ ಸಾಲವೂ ಸೇರಿ ಸುಮಾರು 34 ಬಿಲಿಯನ್ ಬಂತು. ಅಂದರೆ ಬಹುಪಾಲು ಮೂರು ವರ್ಷ ಕಾಲು ಕಟ್ಟಿ ಕೂರಿಸಿದ ದುಡ್ಡು. ರೋಗ ಏನಿತ್ತು ಅಂತ ಆ ಮದ್ದಿನಲ್ಲೇ ಗೊತ್ತಾಗುತ್ತದೆ.

ಹಾಗಾದರೆ ಎಫ್‌ಡಿಐ ಮಾತ್ರ ತರಿಸಿದರೆ ಸಾಕಲ್ವಾ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆ ದುಡ್ಡಿನಿಂದ ಕಟ್ಟಡ ಏಳುತ್ತದೆ, ಕೆಲಸ ಸಿಗುತ್ತದೆ, ನಮ್ಮ ಕಡೆಯ ರೋಬಸ್ಟಾಗೆ ಒಬ್ಬ ಕಾಯಂ ಗಿರಾಕಿ ಸಿಗುತ್ತಾನೆ, ಇದೆಲ್ಲ ನಿಜ. ಮೆಷಿನ್‌ಗಳನ್ನು ಕಿತ್ತುಕೊಂಡು ಯಾರೂ ರಾತ್ರೋರಾತ್ರಿ ಓಡುವುದಿಲ್ಲ. ಆದರೆ ಬೇರು ಬಿಟ್ಟ ಗಿಡವೂ ವರ್ಷ ವರ್ಷ ಫಸಲು ಕೊಡುತ್ತದೆ, ಆ ಫಸಲು ನೆಟ್ಟವನ ಮನೆಗೆ ಹೋಗುತ್ತದೆ. ಡಿವಿಡೆಂಡ್ ಅಂತ, ಬ್ರ್ಯಾಂಡು ಮತ್ತು ತಂತ್ರಜ್ಞಾನಕ್ಕೆ ರಾಯಲ್ಟಿ ಅಂತ. ನೆಸ್ಲೆ ಇಂಡಿಯಾ ತನ್ನ ಮಾರಾಟದ 4.5 ಪರ್ಸೆಂಟನ್ನು ಮೂಲ ಕಂಪನಿಗೆ ರಾಯಲ್ಟಿ ಕೊಡುತ್ತದೆ. 2024ರಲ್ಲಿ ಅದನ್ನು ವರ್ಷಕ್ಕೆ ಸ್ವಲ್ಪ ಸ್ವಲ್ಪವೇ 5.25ಕ್ಕೆ ಏರಿಸಲು ಹೊರಟರು. ಇಂಥ ವಿಷಯದಲ್ಲಿ ಮೂಲ ಕಂಪನಿ ತನಗೆ ತಾನೇ ವೋಟು ಹಾಕಿಕೊಳ್ಳುವ ಹಾಗಿಲ್ಲ. ಉಳಿದ ಷೇರುದಾರರು, ಅಂದರೆ ಮ್ಯೂಚುವಲ್ ಫಂಡು, ವಿದೇಶಿ ಫಂಡು, ಸಣ್ಣಪುಟ್ಟವರು ಎಲ್ಲ ಸೇರಿದ ಗುಂಪು, ಆಗುವುದಿಲ್ಲ ಅಂತ ಬೀಳಿಸಿತು. ರಾಯಲ್ಟಿ 4.5ರಲ್ಲೇ ನಿಂತಿತು. ಗಿಡ ನೆಟ್ಟವನ ಕೈ ಹಿಡಿದವರಲ್ಲಿ ಮೂಟೆಯವನೂ ಇದ್ದ ನೋಡಿ, ಇದನ್ನು ಯಾವ ಪಠ್ಯಪುಸ್ತಕವೂ ನನಗೆ ಹೇಳಿರಲಿಲ್ಲ.

ಇನ್ನೊಂದು ವಿಷಯ. ಗಿಡವನ್ನು ಕಿತ್ತೊಯ್ಯಲು ಆಗದಿದ್ದರೂ ತೋಟವನ್ನು ಮಾರಬಹುದು. 2024ರ ಅಕ್ಟೋಬರ್‌ನಲ್ಲಿ ಹುಂಡೈ ಇಂಡಿಯಾದ ಐಪಿಒ ಬಂತು, ಅಂದರೆ ಮೊದಲ ಸಲ ಅದರ ಷೇರು ಜನರಿಗೆ ಮಾರಾಟಕ್ಕೆ ಬಂತು, 27,870 ಕೋಟಿ. ಅದರಲ್ಲಿ ಒಂದು ರೂಪಾಯಿಯೂ ಇಲ್ಲಿನ ಕಂಪನಿಗೆ ಸೇರಲಿಲ್ಲ, ಏಕೆಂದರೆ ಹೊಸ ಷೇರು ಹೊರಡಿಸಿರಲೇ ಇಲ್ಲ. ಕೊರಿಯಾದ ಮೂಲ ಕಂಪನಿ ತನ್ನ ಪಾಲಿನಲ್ಲಿ ಒಂದಿಷ್ಟು ಮಾರಿತು, ದುಡ್ಡು ಅದಕ್ಕೆ ಹೋಯಿತು. ಇದು ತಪ್ಪೇನಲ್ಲ, ದಶಕಗಳ ಹಿಂದೆ ಹೂಡಿದವನು ಲಾಭ ತೆಗೆದುಕೊಂಡ. ಆದರೆ ದೇಶದ ಲೆಕ್ಕದಲ್ಲಿ ಅದು ಹೊರಗೆ ಹೋದ ಎಫ್‌ಡಿಐ. ಇಂಥವೆಲ್ಲ ಸೇರಿ 2024-25ರಲ್ಲಿ ಏನಾಯಿತು ಅಂದರೆ, ಒಳಗೆ ಬಂದ ಒಟ್ಟು ಎಫ್‌ಡಿಐ ಸುಮಾರು 81 ಬಿಲಿಯನ್ ಡಾಲರ್. ಇಲ್ಲಿಂದ ವಾಪಸ್ ಒಯ್ದದ್ದು 51 ಬಿಲಿಯನ್ ಮೇಲೆ, ನಮ್ಮವರು ಹೊರಗೆ ಹೂಡಿದ್ದು 29ರಷ್ಟು. ಕೊನೆಗೆ ಉಳಿದದ್ದು ಒಂದು ಬಿಲಿಯನ್ ಕೂಡ ಇಲ್ಲ!

ಆ 81ರಲ್ಲೂ ಎಲ್ಲ ವಿಮಾನ ಹತ್ತಿ ಬಂದ ಡಾಲರ್ ಅಲ್ಲ. ಇಲ್ಲಿರುವ ವಿದೇಶಿ ಕಂಪನಿ ತನ್ನ ಲಾಭವನ್ನು ಹೊರಗೆ ಕಳಿಸದೆ ಇಲ್ಲೇ ಇಟ್ಟುಕೊಂಡರೆ ಅದನ್ನೂ ಹೊಸ ಎಫ್‌ಡಿಐ ಅಂತ ಸೇರಿಸುತ್ತಾರೆ. ಲೆಕ್ಕ ತಪ್ಪಲ್ಲ, ಆದರೆ ಓದುವವರು ಹೊಸ ಫ್ಯಾಕ್ಟರಿ ಬಂತು ಅಂದುಕೊಳ್ಳುತ್ತಾರೆ.

ಎಫ್‌ಪಿಐ ಹೊರಟರೆ ಪ್ರತಿ ಸಲವೂ 2013 ಆಗುತ್ತದೆ ಅಂತಲೂ ಇಲ್ಲ. ಹುಂಡೈ ಷೇರು ಬಂದ ಅದೇ ಅಕ್ಟೋಬರ್‌ನಲ್ಲಿ ವಿದೇಶಿ ಫಂಡುಗಳು ನಮ್ಮ ಷೇರುಪೇಟೆಯಿಂದ ಸುಮಾರು 94 ಸಾವಿರ ಕೋಟಿ ತೆಗೆದವು. ಆದರೂ ಆ ತಿಂಗಳು ಡಾಲರ್ 84ರ ಆಸುಪಾಸಿನಲ್ಲೇ ಇತ್ತು. ಕಾರಣ ಎರಡು. ಅವರು ಮಾರಿದ್ದನ್ನು ಇಲ್ಲಿನ ಮ್ಯೂಚುವಲ್ ಫಂಡು, ಎಲ್‌ಐಸಿಯಂಥವರು ಕೊಂಡರು, ತಿಂಗಳು ತಿಂಗಳು ಎಸ್‌ಐಪಿ ಕಟ್ಟುವವರ ದುಡ್ಡು ಅದು. ಮತ್ತೆ ಆರ್‌ಬಿಐ ಬಳಿ ಡಾಲರ್ ಇತ್ತು. 2013ರ ಆಗಸ್ಟ್‌ನಲ್ಲಿ ನಮ್ಮ ವಿದೇಶಿ ವಿನಿಮಯ ಸಂಗ್ರಹ ಸುಮಾರು 275 ಬಿಲಿಯನ್, 2024ರ ಸೆಪ್ಟೆಂಬರ್ ಕೊನೆಗೆ 700 ದಾಟಿತ್ತು. ಓಡುವವನು ಓಡಲಿ, ಬಾಗಿಲಲ್ಲಿ ಕೊಡಲು ಡಾಲರ್ ಇದ್ದರೆ ತಳ್ಳಾಟ ಆಗುವುದಿಲ್ಲ.

ನೀವು ಪೇಪರಿನಲ್ಲಿ ಇವನ್ನು ಓದುವಾಗ ಒಂದು ಕೆಲಸ ಮಾಡಿ. "ದಾಖಲೆ ಎಫ್‌ಡಿಐ" ಅಂತ ಕಂಡರೆ ಅದು ಒಟ್ಟು ಬಂದದ್ದೋ, ಹೋದದ್ದು ಕಳೆದು ಉಳಿದದ್ದೋ ಅಂತ ನೋಡಿ. ಆರ್‌ಬಿಐ ತಿಂಗಳಿಗೊಮ್ಮೆ ತರುವ ಬುಲೆಟಿನ್‌ನಲ್ಲಿ ಎರಡೂ ಒಂದೇ ಪಟ್ಟಿಯಲ್ಲಿ ಇರುತ್ತವೆ, ಪುಕ್ಕಟೆ ಸಿಗುತ್ತದೆ. "ವಿದೇಶಿ ಹೂಡಿಕೆದಾರರಿಂದ ಮಾರಾಟ" ಅಂತ ಕಂಡರೆ ಜೊತೆಗೆ ಆ ತ್ರೈಮಾಸಿಕದ ಚಾಲ್ತಿ ಖಾತೆ ಕೊರತೆ ಎಷ್ಟು ಅಂತ ನೋಡಿ. ನಾನು ಆರ್ಡರ್ ಕೊಡುವ ಮುಂಚೆ ಈಗ ಅಷ್ಟನ್ನು ನೋಡುತ್ತೇನೆ, ಫಾರ್ವರ್ಡೂ ಬುಕ್ ಮಾಡುತ್ತೇನೆ. ಯಜಮಾನರು ಈಗಲೂ ಆ ಚಾರ್ಜಿನ ಬಗ್ಗೆ ಗೊಣಗುತ್ತಾರೆ.