ಶಿಸ್ತಿನ ಕೊರತೆ ಎಂದುಕೊಂಡು ಬಂದ ಹುಡುಗ

ಈ ವರ್ಷ ಷೇರು ವಹಿವಾಟಿನ ನಷ್ಟದ ದೂರು ಹೊತ್ತು ಸಲಹೆಗಾರ್ತಿಯಾದ ನನ್ನ ಬಳಿಗೆ ಬಂದವರಲ್ಲಿ ಈತ ನಾಲ್ಕನೆಯವನು; ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಪದವಿಯ ಎರಡನೇ ವರ್ಷದ ವಿದ್ಯಾರ್ಥಿ. ಮಕ್ಕಳಿಗೆ ಮನೆಪಾಠ ಹೇಳಿ ಕೂಡಿಟ್ಟಿದ್ದ 41,000 ರೂಪಾಯಿಯಲ್ಲಿ 18,000 ರೂಪಾಯಿಯನ್ನು ಕೊಂಡ ಷೇರನ್ನು ಅದೇ ದಿನ ಮಾರುವ ಇಂಟ್ರಾಡೇ ವಹಿವಾಟಿನಲ್ಲಿ ಹನ್ನೊಂದು ವಾರಗಳಲ್ಲಿ ಕಳೆದುಕೊಂಡಿದ್ದ. "ಮೇಡಂ, ಸೂತ್ರ ಸರಿಯಾಗಿಯೇ ಇದೆ, ನನಗೇ ಶಿಸ್ತಿಲ್ಲ" ಎಂಬುದು ಅವನ ಮೊದಲ ಮಾತು. ನಿದ್ದೆಯೂ ಬರುತ್ತಿರಲಿಲ್ಲ.

ಎರಡನೇ ಭೇಟಿಗೆ ಅವನು ಲ್ಯಾಪ್‌ಟಾಪ್ ತಂದ. ಒಂದು ಬ್ಯಾಂಕ್ ಷೇರಿನ ಹಿಂದಿನ ಎರಡು ವರ್ಷಗಳ ಬೆಲೆಗಳ ಮೇಲೆ ಎರಡು ಮೂವಿಂಗ್ ಆವರೇಜ್‌ಗಳ, ಅಂದರೆ ಇತ್ತೀಚಿನ ಕೆಲವು ಬೆಲೆಗಳ ಸರಾಸರಿಗಳ, ಮೇಲೆ ಕೊಳ್ಳುವ ಮಾರುವ ಹೊತ್ತನ್ನು ಹೇಳುವ ಸೂತ್ರವನ್ನು ಪರೀಕ್ಷಿಸಿ, 9 ಬೆಲೆಗಳ ಮತ್ತು 37 ಬೆಲೆಗಳ ಸರಾಸರಿಯ ಜೋಡಿಯನ್ನು ಆರಿಸಿದ್ದ. ಆ ಜೋಡಿ ಸುಮಾರು 700 ವಹಿವಾಟುಗಳಲ್ಲಿ 62,000 ರೂಪಾಯಿ ಲಾಭ ತೋರಿಸುತ್ತಿತ್ತು. ಈ ವೃತ್ತಿಗೆ ಬರುವ ಮುನ್ನ ಸಂಖ್ಯಾಶಾಸ್ತ್ರ ಓದಿದವಳಾದ್ದರಿಂದ, ಒಟ್ಟು ಎಷ್ಟು ಜೋಡಿಗಳನ್ನು ಪರೀಕ್ಷಿಸಿದೆ ಎಂದು ಕೇಳಿದೆ. ಚಿಕ್ಕ ಸರಾಸರಿಗೆ ಇಪ್ಪತ್ತು ಸಂಖ್ಯೆಗಳು, ದೊಡ್ಡದಕ್ಕೆ ನಲವತ್ತು, ನಷ್ಟ ಇಷ್ಟಕ್ಕೆ ಮುಟ್ಟಿದರೆ ಹೊರಬರಬೇಕೆಂಬ ಸ್ಟಾಪ್‌ಲಾಸ್ ಮಿತಿಗೆ ಐದು, ಗುಣಿಸಿದರೆ 4,000.

ಒಂದು ಸಾವಿರ ಜನ ಹತ್ತು ಹತ್ತು ಸಲ ನಾಣ್ಯ ಚಿಮ್ಮಿದರೆ, ಅವರಲ್ಲೊಬ್ಬನಿಗೆ ಹತ್ತೂ ತಲೆಯೇ ಬೀಳುವುದು ಸಹಜ. ಅವನಿಗೆ ನಾಣ್ಯ ಚಿಮ್ಮುವ ವಿದ್ಯೆ ತಿಳಿದಿದೆ ಎಂದು ನಾವು ಹೇಳುವುದಿಲ್ಲ. ಇದನ್ನು ಹೇಳಿ, 11 ಮತ್ತು 40 ಹಾಕಿ ನೋಡು ಎಂದೆ. ಲಾಭ 14,000ಕ್ಕೆ ಇಳಿಯಿತು. 7 ಮತ್ತು 34 ಹಾಕಿದಾಗ ನಷ್ಟವೇ ಬಂತು. ಬೆಲೆಗಳಲ್ಲಿ ನಿಜವಾದ ಒಲವೊಂದು ಇದ್ದಿದ್ದರೆ ಅಕ್ಕಪಕ್ಕದ ಸಂಖ್ಯೆಗಳೂ ಹೆಚ್ಚುಕಡಿಮೆ ಅದನ್ನೇ ತೋರಿಸಬೇಕಿತ್ತು. ಇನ್ನು ದಲ್ಲಾಳಿ ಶುಲ್ಕ ಮತ್ತು ತೆರಿಗೆ ಸೇರಿ ಪ್ರತಿ ವಹಿವಾಟಿಗೆ ತಗಲುತ್ತಿದ್ದ ಸುಮಾರು 75 ರೂಪಾಯಿಯನ್ನು ಆತ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ; 700 ವಹಿವಾಟಿಗೆ ಅದೇ 52,500. ಅವನು ಬಹಳ ಹೊತ್ತು ಪರದೆಯನ್ನೇ ನೋಡುತ್ತಿದ್ದು, "ಹಾಗಾದರೆ ನಾನು ಕಂಡುಹಿಡಿದದ್ದಲ್ಲ ಮೇಡಂ, ಆರಿಸಿಕೊಂಡದ್ದು" ಎಂದ.

ಉಳಿದ 23,000 ರೂಪಾಯಿಯನ್ನು ಉಳಿತಾಯ ಖಾತೆಗೆ ಮರಳಿಸಿ, ಆರು ತಿಂಗಳು ವಹಿವಾಟು ನಿಲ್ಲಿಸಿ, ಮನೆಯಲ್ಲಿ ವಿಷಯ ತಿಳಿಸಲು ಸಲಹೆ ನೀಡಿದೆ. ಹೊಸ ಬೆಲೆಗಳನ್ನು ಸೇರಿಸಿ ಸಂಖ್ಯೆಗಳನ್ನು ಮತ್ತೆ ತಿದ್ದುವೆನೆಂದಾಗ ಮಾತ್ರ ಗಟ್ಟಿಯಾಗಿ ತಡೆದೆ. ಮತ್ತೆ ಪರೀಕ್ಷಿಸುವುದಾದರೆ ಒಂದು ವರ್ಷದ ಬೆಲೆಗಳನ್ನು ಮೊದಲೇ ಬದಿಗಿಟ್ಟು, ಖರ್ಚು ಕಳೆದು, ಕೊನೆಗೆ ಒಂದೇ ಸಲ ಅವುಗಳ ಮೇಲೆ ನೋಡಬೇಕು. ಫಲ ಹಿಡಿಸದೆ ಮತ್ತೆ ತಿದ್ದಿದರೆ ಬದಿಗಿಟ್ಟ ವರ್ಷವೂ ಬಳಸಿದ್ದೇ ಆಗುತ್ತದೆ.

ಷೇರುಪೇಟೆಯನ್ನೇ ಬಿಡು ಎನ್ನಬೇಕಿತ್ತೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪಲಿಲ್ಲ. ಹಾಗೆಂದಿದ್ದರೆ ತಾನು ದುರ್ಬಲ ಮನಸ್ಸಿನವನೆಂಬ ನಂಬಿಕೆಯನ್ನೇ ಹೊತ್ತು ಹೋಗುತ್ತಿದ್ದ. ಅವನ ನಷ್ಟದ ಬೇರು ಪರೀಕ್ಷೆಯ ವಿಧಾನದಲ್ಲಿತ್ತು, ಮನಸ್ಸಿನಲ್ಲಲ್ಲ. ಮೂರನೇ ಭೇಟಿಗೆ ಬಂದಾಗ, ಅಕ್ಕನಿಗೆ ಎಲ್ಲವನ್ನೂ ಹೇಳಿದೆನೆಂದೂ ಆ ರಾತ್ರಿ ನಿದ್ದೆ ಬಂತೆಂದೂ ಹೇಳಿದ.