ಆಫರ್ ಬಂದ ಮೇಲೆ ಸಂಬಳ ಜಾಸ್ತಿ ಕೇಳುವ ಮೆಸೇಜು

"ತಿಂಗಳಿಗೆ 50 ಸಾವಿರದ ಆಫರ್ ಬಂದಿದೆ. 56 ಕೇಳೋಣ ಅಂತಿದ್ದೀನಿ. ಮೆಸೇಜು ಉದ್ದ ಆಗ್ತಾ ಇದೆ, ಕೆಲಸ ಕೈತಪ್ಪುತ್ತೇನೋ ಅಂತ ಭಯ. ಡ್ರಾಫ್ಟ್ ನೋಡಿ ಹೇಳಿ."

ನಿಮ್ಮ ಡ್ರಾಫ್ಟ್‌ನಲ್ಲಿರುವ ಬಾಡಿಗೆ, ಸಾಲದ ಕಂತು, ಓಡಾಟದ ಖರ್ಚು, ಇವೆಲ್ಲ ಮೊದಲು ತೆಗೆದುಬಿಡಿ. ನಿಮ್ಮ ಮೆಸೇಜು ಎಚ್‌ಆರ್ ಹತ್ತಿರವೇ ನಿಲ್ಲುವುದಿಲ್ಲ. ಅವರು ಅದನ್ನು ಇಟ್ಟುಕೊಂಡು ಮ್ಯಾನೇಜರ್ ಹತ್ತಿರ ಒಪ್ಪಿಗೆ ಕೇಳಬೇಕು. ಅಲ್ಲಿ ಬಾಡಿಗೆ ಕಥೆ ನಡೆಯಲ್ಲ, ಕೆಲಸಕ್ಕೆ ಸಂಬಂಧಪಟ್ಟ ಕಾರಣ ಒಂದೇ ಒಂದು ಇದ್ದರೆ ಸಾಕು. ಇಂಟರ್‌ವ್ಯೂನಲ್ಲಿ ಅವರೇ ಮೆಚ್ಚಿಕೊಂಡ ವಿಷಯವಾದರೆ ಇನ್ನೂ ಒಳ್ಳೆಯದು.

ಡ್ರಾಫ್ಟ್‌ನಲ್ಲಿ ನೀವೇ ಹೇಳಿದ ಬಿಲ್ಲಿಂಗ್ ಕೆಲಸವನ್ನು ಇಟ್ಟುಕೊಂಡು ಹೀಗೆ ಬರೆದಿದ್ದೇನೆ:

"ನಮಸ್ಕಾರ ಮೇಡಂ. ಆಫರ್‌ಗೆ ಥ್ಯಾಂಕ್ಸ್, ನಿಮ್ಮ ಟೀಮ್ ಸೇರಲು ನಿಜಕ್ಕೂ ಖುಷಿ ಇದೆ. ಬಿಲ್ಲಿಂಗ್ ಸಿಸ್ಟಮ್ ಬದಲಾಯಿಸುವ ಕೆಲಸವನ್ನು ನಾನು ಈಗಾಗಲೇ ಪೂರ್ತಿ ಮಾಡಿರುವುದರಿಂದ ತಿಂಗಳ ಸಂಬಳ 56 ಸಾವಿರ ಆಗಬಹುದಾ ಎಂದು ಕೇಳುತ್ತಿದ್ದೇನೆ. ಅಷ್ಟಕ್ಕೆ ಒಪ್ಪಿಗೆ ಸಿಕ್ಕರೆ ಇವತ್ತೇ ಸಹಿ ಮಾಡಿ ಕಳಿಸುತ್ತೇನೆ."

ಇಷ್ಟೇ. ಕೊನೆಯ ಸಾಲು ಮುಖ್ಯ. ಕೊಟ್ಟ ಮೇಲೂ ಇವರು ಇನ್ನೊಂದು ಸುತ್ತು ಎಳೆದಾಡುತ್ತಾರಾ ಅನ್ನುವುದೇ ಕಂಪನಿಯವರ ಚಿಂತೆ. ಅದು ಅಲ್ಲೇ ಮುಗಿಯುತ್ತದೆ. ಆದರೆ ನಿಜವಾಗಿಯೂ ಸಹಿ ಹಾಕುವುದಿದ್ದರೆ ಮಾತ್ರ ಬರೆಯಿರಿ. "ಕ್ಷಮಿಸಿ", "ತಪ್ಪು ತಿಳಿಯಬೇಡಿ" ಯಾವುದೂ ಬೇಡ.

ಮೇಲಿನ ಕಾಮೆಂಟ್‌ನಲ್ಲಿ ಒಬ್ಬರು "ಮೊದಲು ನೀವು ನಂಬರ್ ಹೇಳಬೇಡಿ" ಅಂದಿದ್ದಾರೆ. ಆಫರ್ ಬರುವ ಮುಂಚೆ ಆ ಮಾತು ಬಹಳ ಸಲ ಸರಿ. ಈಗ ಅವರೇ ನಂಬರ್ ಹೇಳಿಯಾಗಿದೆ, ಸುಮ್ನೆ "ಸ್ವಲ್ಪ ಜಾಸ್ತಿ ಮಾಡಿ" ಅಂದರೆ ಒಂದು ಸಾವಿರ ಸೇರಿಸಿ ಕೈತೊಳೆದುಕೊಳ್ಳುತ್ತಾರೆ. "53ರಿಂದ 56" ಅಂತಲೂ ಬರೆಯಬೇಡಿ, ಅವರಿಗೆ ಕಾಣುವುದು 53 ಮಾತ್ರ. ಇನ್ನು ಈಗಿನ ಕಂಪನಿಯಲ್ಲಿ ಇನ್‌ಕ್ರಿಮೆಂಟ್ ಕೇಳಿದ ಕಥೆ ಬರೆದ ಸರ್, ನಿಮ್ಮದು ಬೇರೆ ಆಟ. ಇಲ್ಲಿ ಪ್ರಶ್ನೆ ಕೇಳಿದವರು ಇನ್ನೂ ಸಹಿ ಮಾಡಿಲ್ಲ.

ಕಳಿಸಿದ ಮೇಲೆ ಸುಮ್ಮನಿರಿ. ಅರ್ಧ ಗಂಟೆಗೆ "ಆಗದಿದ್ದರೂ ಪರವಾಗಿಲ್ಲ" ಅಂತ ಇನ್ನೊಂದು ಮೆಸೇಜು ಹಾಕಿದರೆ ಮೊದಲನೆಯದನ್ನು ನೀವೇ ಅಳಿಸಿದ ಹಾಗೆ. ಎರಡು ಮೂರು ಕೆಲಸದ ದಿನ ಕಳೆದರೂ ಉತ್ತರ ಬರದಿದ್ದರೆ ಒಂದೇ ಸಾಲಿನಲ್ಲಿ ವಿಚಾರಿಸಿ. ಆಫರ್‌ನಲ್ಲಿ ಕೊನೆಯ ದಿನಾಂಕ ಇದೆಯಾ ನೋಡಿಕೊಳ್ಳಿ, ಅದು ದಾಟಬಾರದು.

"53ರ ಮೇಲೆ ಆಗಲ್ಲ" ಅಂದರೆ? ಮತ್ತೆ 55 ಅಂತ ಎಳೆಯಬೇಡಿ. "ಅರ್ಥವಾಯಿತು. ಹಾಗಾದರೆ 53, ಜೊತೆಗೆ ಆರು ತಿಂಗಳಿಗೆ ಸಂಬಳದ ರಿವ್ಯೂ ಅಂತ ಆಫರ್ ಲೆಟರ್‌ನಲ್ಲಿ ಸೇರಿಸಬಹುದಾ?" ಅಂತ ಕೇಳಿ. ಬಾಯಿಮಾತಿನ ರಿವ್ಯೂ ಆ ಮ್ಯಾನೇಜರ್ ಬದಲಾದ ದಿನವೇ ಮರೆತುಹೋಗುತ್ತದೆ. ಇನ್ನೊಂದು ವಿಷಯ, ಆ 53ರಲ್ಲಿ ಎಷ್ಟು ಖಾಯಂ, ಎಷ್ಟು ಬೋನಸ್ ಅಂತ ಕೇಳಿಕೊಳ್ಳಿ. ಒಟ್ಟು ಮೊತ್ತ ಏರಿಸಿ ಖಾಯಂ ಸಂಬಳ ಹಾಗೇ ಬಿಡುವುದೂ ಉಂಟು.

ಭಯದ ವಿಷಯ: ಮರ್ಯಾದೆಯಿಂದ ಒಂದು ಸಲ ಕೇಳಿದ್ದಕ್ಕೆ ಆಫರ್ ವಾಪಸ್ ತೆಗೆದುಕೊಳ್ಳುವುದು ಅಪರೂಪ, ಆದರೆ ಆಗೋದೇ ಇಲ್ಲ ಅಂತ ಹೇಳಲಾರೆ. ಇಲ್ಲದ ಇನ್ನೊಂದು ಆಫರ್ ಇದೆ ಅಂತ ಮಾತ್ರ ಬರೆಯಬೇಡಿ. "ಲೆಟರ್ ಕಳಿಸಿ" ಅಂದರೆ ಏನು ಮಾಡುತ್ತೀರಿ? 50ಕ್ಕೇ ನಿಂತರೆ ಸೇರಬೇಕಾ ಬೇಡವಾ ಅನ್ನುವುದನ್ನು ಮೆಸೇಜು ಕಳಿಸುವ ಮುಂಚೆಯೇ ತೀರ್ಮಾನ ಮಾಡಿಕೊಳ್ಳಿ, ಅದನ್ನು ನಾವ್ಯಾರೂ ಹೇಳುವುದಕ್ಕಾಗಲ್ಲ.